ಝಳದಲ್ಲಿ ಅಳಿಸಿಹೋದ ಕೈ

ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ಇಸ್ತ್ರಿ ಎಂದೇ ಕರೆಯುತ್ತಿದ್ದರು. ಸಿನಿಮಾದವರು ತಂದುಕೊಟ್ಟ ದೃಶ್ಯಗಳ ಸುಕ್ಕು ತೆಗೆದು ಕೊಡುವುದು ಅವನ ಕೆಲಸ. ಅಲುಗಿದ ಕ್ಯಾಮೆರಾವನ್ನು ನಿಲ್ಲಿಸುತ್ತಿದ್ದ, ಕಾಣಬಾರದ ತಂತಿಯನ್ನು ಅಳಿಸುತ್ತಿದ್ದ. ಹದಿನಾರು ವರ್ಷದಲ್ಲಿ ಆ ಕತ್ತಲೆ ಕೋಣೆಗೆ ಯಾರೂ ಜಗಳಕ್ಕೆಂದು ಬಂದಿರಲಿಲ್ಲ. ಆ ಸೋಮವಾರ ಬೆಳಿಗ್ಗೆ ಅವನ ಸ್ವಂತ ತಂಗಿಯೇ ಬಂದಳು.

ಬಾಗಿಲು ತಟ್ಟಲಿಲ್ಲ. ಕೂರಲೂ ಇಲ್ಲ.

"ಸಮಿತಿಗೆ ಚೀಟಿ ಬರೆದಿದ್ದೀಯಂತೆ. ಆ ವಿಡಿಯೋ ನಂಬಬೇಡಿ ಅಂತ."

"ಹೌದು."

"ಯಾವ ವಿಡಿಯೋ ಅಣ್ಣ? ನೀನೇ ಮಾಡಿದ ವಿಡಿಯೋ. ನೀನೇ ಆಸ್ಪತ್ರೆಗೆ ತಂದು ಅವರ ಕಣ್ಮುಂದೆ ಹಿಡಿದ ವಿಡಿಯೋ."

ಇಸ್ತ್ರಿ ತಲೆ ತಗ್ಗಿಸಿದ. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ತಂಗಿಯ ಗಂಡ ಸಿನಿಮಾಗಳಲ್ಲಿ ಬೈಕ್ ಸಾಹಸ ಮಾಡುವವನು. ಒಂದೂವರೆ ತಿಂಗಳ ಹಿಂದೆ, ಊರಾಚೆಯ ಹೊಸ ಹೆದ್ದಾರಿಯಲ್ಲಿ, ನೆತ್ತಿ ಸುಡುವ ಮಧ್ಯಾಹ್ನದಲ್ಲಿ ಒಂದು ಶಾಟ್ ಇತ್ತು. ರಸ್ತೆಗೆ ಅಡ್ಡಲಾಗಿ ಒಂದು ಉದ್ದದ ಲಾರಿ ಬರಬೇಕು, ಗುರುತಿಟ್ಟ ಜಾಗದಲ್ಲಿ ನಿಲ್ಲಬೇಕು, ಬೈಕು ಅದರ ಹೊಟ್ಟೆಯ ಕೆಳಗೆ ಜಾರಿಕೊಂಡು ಆಚೆ ಹೋಗಬೇಕು. ಲಾರಿ ಗುರುತು ದಾಟಿ ಮುಂದೆ ಬಂದು ನಿಂತಿತು. ಖಾಲಿ ಇರಬೇಕಾದ ಕಡೆ ಹಿಂದಿನ ಚಕ್ರಗಳಿದ್ದವು. ಸವಾರನ ಎಡಗಾಲು ಮೊಣಕಾಲಿನಿಂದ ಕೆಳಗೆ ತುಂಡಾಗಿ ಹೋಯಿತು.

ಲಾರಿಗೆ ಎಂಬತ್ತು ಮೀಟರ್ ಮೊದಲೇ ರಸ್ತೆಗೆ ಬಿಳಿ ಗೆರೆ ಎಳೆದು, ಎರಡು ಕಡೆ ಕಿತ್ತಳೆ ಬಣ್ಣದ ಶಂಕುಗಳನ್ನು ಇಟ್ಟಿದ್ದರು. ಏನಾದರೂ ಎಡವಟ್ಟಾದರೆ ಸವಾರ ಆ ಗೆರೆ ಮುಟ್ಟುವ ಮೊದಲು ಸಾಹಸ ನಿರ್ದೇಶಕ, ಅಂದರೆ ಎಲ್ಲರೂ ಮಾಸ್ಟರ್ ಎಂದು ಕರೆಯುವವನು, ಎರಡೂ ಕೈಯನ್ನು ತಲೆಯ ಮೇಲೆ ಎತ್ತಿ ಅಡ್ಡ ಹಿಡಿಯಬೇಕು. ಅದು 'ನಿಲ್ಲು' ಎಂಬ ಸನ್ನೆ. ಗೆರೆ ದಾಟಿದ ಮೇಲೆ ಬೈಕು ನಿಲ್ಲಿಸಲು ಆಗುವುದಿಲ್ಲ. ಮಾಸ್ಟರ್ ಲಾರಿಯ ಪಕ್ಕದಲ್ಲಿ, ರಸ್ತೆಯಂಚಿನ ಪ್ರತಿಫಲಕ ಕಂಬದ ಬಳಿ ನಿಂತಿದ್ದ.

"ಕೈ ಎತ್ತಿದೆ. ಅವನೇ ನಿಲ್ಲಿಸಲಿಲ್ಲ" ಎಂದು ಮಾಸ್ಟರ್ ಹೇಳಿದ. "ಎತ್ತಲೇ ಇಲ್ಲ" ಎಂದು ಸವಾರ ಹೇಳಿದ. ವಿಷಯ ಕಾರ್ಮಿಕ ಸಂಘದ ಸುರಕ್ಷತಾ ಸಮಿತಿಗೆ ಹೋಯಿತು.

ಶಾಟನ್ನು ಒಂಬೈನೂರು ಮೀಟರ್ ದೂರದಿಂದ, ನೆಲಕ್ಕೆ ತಾಗುವಂತೆ ಇಟ್ಟ ಕ್ಯಾಮೆರಾದಲ್ಲಿ, ಮೊಳದುದ್ದದ ಲೆನ್ಸ್ ಹಾಕಿ ತೆಗೆದಿದ್ದರು. ಕಾದ ಡಾಂಬರಿನ ಮೇಲಿನ ಗಾಳಿ ಎದ್ದೆದ್ದು ಕುದಿಯುತ್ತಿತ್ತು. ದೂರದ ಲಾರಿ ನೀರಿನೊಳಗೆ ಬಿದ್ದ ಬಟ್ಟೆಯಂತೆ ನುಲಿಯುತ್ತಿತ್ತು. ಮಾಸ್ಟರ್ ಒಮ್ಮೆ ಮೂರು ತುಂಡು, ಒಮ್ಮೆ ಒಂದು ಮುದ್ದೆ. ಈ ಝಳ ತೆಗೆದುಕೊಡು ಎಂದು ನಿರ್ದೇಶಕ ಅದನ್ನು ಇಸ್ತ್ರಿಗೆ ಕಳಿಸಿದ್ದು ಅಪಘಾತವಾದ ನಾಲ್ಕನೆಯ ದಿನ. ಕಾಲು ಹೋದರೂ ಶಾಟ್ ಹೋಗಬಾರದಲ್ಲ.

ಇಸ್ತ್ರಿ ಮಾಮೂಲಿ ಮಾಡುವ ಹಾಗೆ ಮಾಡಿದ. ಓಡುವ ಬೈಕನ್ನು, ಅಡ್ಡ ಬರುವ ಲಾರಿಯನ್ನು ಬೇರೆ ಕತ್ತರಿಸಿ ತೆಗೆದಿಟ್ಟುಕೊಂಡ. ಉಳಿದದ್ದೆಲ್ಲ ಅವನ ಲೆಕ್ಕದಲ್ಲಿ ಅಲುಗದ ಹಿನ್ನೆಲೆ. ಆ ಹಿನ್ನೆಲೆಯ ಒಂದೊಂದು ಚುಕ್ಕಿಗೂ, ಅಂದರೆ ಪಿಕ್ಸೆಲ್ಲಿಗೂ, ಹಿಂದಿನ ಮೂವತ್ತು, ಮುಂದಿನ ಮೂವತ್ತು ಫ್ರೇಮುಗಳನ್ನು ನೋಡಿ, ಹೆಚ್ಚು ಹೊತ್ತು ಅಲ್ಲಿ ಏನಿತ್ತೋ ಅದನ್ನೇ ಉಳಿಸುವಂತೆ ಯಂತ್ರಕ್ಕೆ ಹೇಳಿದ. ನಡುಕ ಹೋಯಿತು. ಕಂಬ ನೆಟ್ಟಗಾಯಿತು, ರಸ್ತೆಯ ಅಂಚು ಗೆರೆ ಎಳೆದಂತಾಯಿತು. ಕಂಬದ ಪಕ್ಕ ಮಾಸ್ಟರ್, ಎರಡೂ ಕೈ ಇಳಿಬಿಟ್ಟು, ಕಲ್ಲಿನಂತೆ ನಿಂತಿದ್ದ. ಧೂಳು ಮುಚ್ಚುವವರೆಗೂ ಹಾಗೇ ನಿಂತಿದ್ದ.

ಅದನ್ನು ನೋಡಿ ಇಸ್ತ್ರಿಯ ರಕ್ತ ಕುದಿಯಿತು. ಫೋನಿಗೆ ಹಾಕಿಕೊಂಡು ನೇರ ಆಸ್ಪತ್ರೆಗೆ ಹೋದ. "ನೋಡಿ ಭಾವ, ಕೈ ಎತ್ತಿಲ್ಲ ಕಳ್ಳ" ಎಂದ. ಹಾಸಿಗೆಯಲ್ಲಿ ಮಲಗಿದ್ದವನು ಅದನ್ನು ಎಂಟು ಸಲ ನೋಡಿದ. ತಂಗಿ ಅದನ್ನೇ ಸಮಿತಿಗೆ ಕೊಟ್ಟಳು. ಎರಡೇ ದಿನದಲ್ಲಿ ಅದು ಸಂಘದವರ ಫೋನುಗಳಲ್ಲೆಲ್ಲ ಹರಿದಾಡಿತು. ಮಾಸ್ಟರ್‌ನ ಮನೆ ಗೋಡೆಗೆ ಯಾರೋ ಸಗಣಿ ಎರಚಿದರು.

ಸತ್ಯ ಗೊತ್ತಾದದ್ದು ನಿರ್ದೇಶಕನ ಒಂದು ದೂರಿನಿಂದ. ಹೋದ ವಾರ ಅವನು ಫೋನ್ ಮಾಡಿ, "ಎಲ್ಲಾ ಚೆನ್ನಾಗಿದೆ ಮಾರಾಯ, ಆದ್ರೆ ಆ ಕಂಬದ ಮೇಲಿಂದ ಹಕ್ಕಿ ಹಾರುತ್ತಲ್ಲ, ಅದೆಲ್ಲಿ? ನನಗದು ಬೇಕು" ಎಂದ. ಇಸ್ತ್ರಿ ಮೂಲ ತೆಗೆದು ನೋಡಿದ. ಝಳದ ನಡುವೆಯೂ ಹಕ್ಕಿ ರೆಕ್ಕೆ ಬಡಿದು ಹಾರಿದ್ದು ಕಾಣುತ್ತಿತ್ತು. ತನ್ನದರಲ್ಲಿ ಹಕ್ಕಿ ಇತ್ತು, ಮರುಕ್ಷಣ ಇರಲಿಲ್ಲ. ಹಾರಲೇ ಇಲ್ಲ.

ಅವನು ಲೆಕ್ಕ ಹಾಕಿದ. ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮು. ಅರವತ್ತೊಂದು ಫ್ರೇಮಿನ ಜರಡಿಯಲ್ಲಿ, ಮೂವತ್ತು ಫ್ರೇಮಿಗಿಂತ ಕಡಿಮೆ ಹೊತ್ತು ನಡೆದದ್ದು ಯಾವುದೂ ಉಳಿಯುವುದಿಲ್ಲ. ಹಕ್ಕಿಯ ರೆಕ್ಕೆಯೂ ಉಳಿಯುವುದಿಲ್ಲ, ಒಂದು ಸೆಕೆಂಡು ಎತ್ತಿ ಇಳಿಸಿದ ಕೈಯೂ ಉಳಿಯುವುದಿಲ್ಲ.

ಅಂದೇ ಅವನು ಸಮಿತಿಗೆ ಬರೆದ.

"ಹಾಗಂದ್ರೆ ಕೈ ಎತ್ತಿದ್ದಾನೆ ಅಂತೀಯಾ?" ತಂಗಿ ಕೇಳಿದಳು.

"ಗೊತ್ತಿಲ್ಲ. ಎತ್ತಿದ್ರೂ ಅದರಲ್ಲಿ ಕಾಣ್ತಿರಲಿಲ್ಲ ಅಂತೀನಿ."

"ಗೊತ್ತಿಲ್ದಿದ್ರೆ ಬಾಯಿ ಮುಚ್ಕೊಂಡಿರಬೇಕಿತ್ತು. ಒಡಹುಟ್ಟಿದವನಾಗಿ ಬೆನ್ನಿಗೆ ಚೂರಿ ಹಾಕ್ತಾರೇನೋ?" ಅವಳು ಅವನ ಕುರ್ಚಿಯನ್ನು ತನ್ನ ಕಡೆಗೆ ತಿರುಗಿಸಿದಳು. "ದಿನಾ ಬೆಳಿಗ್ಗೆ ಎದ್ದು ಇಲ್ಲದಿರೋ ಕಾಲಿಗೆ ಚಪ್ಪಲಿ ಹುಡುಕ್ತಾರೆ ಅವರು. ನಿನಗೆ ಹಕ್ಕಿ ಚಿಂತೆ."

ಅವಳು ಹೋದ ಅರ್ಧ ಗಂಟೆಗೆ ಮಾಸ್ಟರ್ ಫೋನ್ ಮಾಡಿದ. ಸುದ್ದಿ ಅವನಿಗೂ ಮುಟ್ಟಿತ್ತು.

"ಈಗ ಬುದ್ಧಿ ಬಂತಾ? ಒಂದು ತಿಂಗಳು ನನ್ನ ಮಗಳು ಶಾಲೆಗೆ ಹೋಗಿಲ್ಲ, ಗೊತ್ತಾ ನಿನಗೆ? ನಿನ್ನ ಕಂಪ್ಯೂಟರಲ್ಲಿ ನನ್ನ ಕೈ ಕತ್ತರಿಸಿದ್ದೀಯಲ್ಲ, ಬಾ ಗುರುವಾರ. ಎಲ್ಲರ ಮುಂದೆ ಅಂಟಿಸಿಕೊಡು. ಇಲ್ಲಾಂದ್ರೆ ನಿನ್ನ ಕೈ ಲೆಕ್ಕ ಇಟ್ಕೋ."

ಗುರುವಾರ ಮಧ್ಯಾಹ್ನ ಸಂಘದ ಕಚೇರಿಯ ಮೇಲಿನ ಮಹಡಿಯಲ್ಲಿ ವಿಚಾರಣೆ. ಕಿಟಕಿಗೆ ಹಳೇ ಪೋಸ್ಟರುಗಳನ್ನು ಅಂಟಿಸಿ ಬೆಳಕು ತಡೆದಿದ್ದರು. ಫ್ಯಾನು ತಿರುಗುವುದಕ್ಕಿಂತ ಹೆಚ್ಚು ಕಿರುಗುಟ್ಟುತ್ತಿತ್ತು. ಅಧ್ಯಕ್ಷೆ ನಲವತ್ತು ವರ್ಷ ಸಂಕಲನ ಮಾಡಿ ನಿವೃತ್ತಳಾದವಳು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಮನುಷ್ಯರನ್ನೂ ಫಿಲ್ಮ್ ನೋಡುವ ಹಾಗೆ ನೋಡುತ್ತಿದ್ದಳು. ಎಡಗಡೆ ಗಾಲಿಕುರ್ಚಿಯಲ್ಲಿ ಸವಾರ, ಪಕ್ಕದಲ್ಲಿ ತಂಗಿ. ಬಲಗಡೆ ಮಾಸ್ಟರ್, ತೋಳು ಕಟ್ಟಿ, ಗೋಡೆಗೆ ಒರಗಿ.

"ಇವನು ಅವನ ಭಾವ. ಇವನ ಕೈಯಲ್ಲಿ ಯಾಕೆ ಮಾಡಿಸ್ತೀರಿ?" ಮಾಸ್ಟರ್ ಮೊದಲೇ ಕೊಕ್ಕೆ ಹಾಕಿದ.

"ಇವನು ಅಣ್ಣನೇ ಅಲ್ಲ ಅಂತ ನಾನು ಹೇಳ್ತೀನಿ, ಬರ್ಕೊಳ್ಳಿ" ಎಂದಳು ತಂಗಿ.

"ಇಬ್ಬರಿಗೂ ಬೇಡವಾದವನು ಅಂದ್ಮೇಲೆ ನಮಗೆ ಅವನೇ ಸರಿ" ಎಂದಳು ಅಧ್ಯಕ್ಷೆ. "ಮೂಲ ಒಂದು ಕಡೆ ಇರ್ಲಿ, ನೀನು ಮಾಡಿದ್ದು ಒಂದು ಕಡೆ. ಪ್ರತಿ ಹೆಜ್ಜೆನೂ ಇಲ್ಲೇ, ನಮ್ಮ ಕಣ್ಮುಂದೆ ಮಾಡು. ಮನೆಯಲ್ಲಿ ಬೇಯಿಸಿಕೊಂಡು ಬಂದಿದ್ದು ಬೇಡ."

ಇಸ್ತ್ರಿ ಮೊದಲು ತನ್ನ ಹಳೆಯ ವಿಡಿಯೋ ಹಾಕಿದ. ಹಕ್ಕಿ ಮಾಯವಾಗುವುದನ್ನು ಮೂರು ಸಲ ತೋರಿಸಿದ. "ಇದು ನನ್ನ ತಪ್ಪು. ಅಲುಗೋದು ಬೈಕು, ಲಾರಿ ಮಾತ್ರ ಅಂದ್ಕೊಂಡು ಮಾಸ್ಟರನ್ನ ಕಂಬದ ಜೊತೆ ಸೇರಿಸಿಬಿಟ್ಟೆ. ಇದನ್ನ ಸಾಕ್ಷಿ ಅಂತ ತಗೋಬೇಡಿ."

"ತಪ್ಪು ಅಂತೆ!" ಮಾಸ್ಟರ್ ಗಹಗಹಿಸಿದ. "ಉಗಿದು ಒರೆಸಿದ ಹಾಗಾಯ್ತು."

"ಸುಮ್ಮನಿರಿ. ಮುಂದೆ?" ಅಂದಳು ಅಧ್ಯಕ್ಷೆ.

"ಈ ಸಲ ಅಷ್ಟು ಫ್ರೇಮುಗಳನ್ನ ಕಲಸೋದಿಲ್ಲ. ಮಾಸ್ಟರ್ ಪಕ್ಕ ಪ್ರತಿಫಲಕ ಕಂಬ ಇದೆ, ಹಿಂದೆ ಒಂದು ಮೈಲಿಗಲ್ಲಿದೆ, ಕೆಳಗೆ ರಸ್ತೆಯಂಚಿನ ಬಿಳಿ ಪಟ್ಟೆ ಇದೆ. ಇವು ಅಲುಗೋ ವಸ್ತುಗಳಲ್ಲ. ಇವು ಅಲುಗಿದ ಹಾಗೆ ಕಂಡ್ರೆ ಅದು ಗಾಳಿಯ ಆಟ. ಒಂದೊಂದು ಫ್ರೇಮಲ್ಲೂ ಇವು ಎಷ್ಟು ಸರಿದಿವೆ ಅಂತ ಅಳೆದು, ಆ ಫ್ರೇಮನ್ನ ಅಷ್ಟೇ ಹಿಂದಕ್ಕೆ ಬಗ್ಗಿಸ್ತೀನಿ. ಮಾಸ್ಟರ್ ಮೈಯಿಂದ ಏನೂ ಅಳೆಯೋದಿಲ್ಲ. ಆಮೇಲೆ ಅಕ್ಕಪಕ್ಕದ ಐದೈದು ಫ್ರೇಮಲ್ಲಿ ಗಾಳಿ ಕ್ಷಣಕಾಲ ತಿಳಿಯಾಗಿರೋದನ್ನ ಆರಿಸ್ತೀನಿ. ಅಷ್ಟೇ."

"ಪೂರ್ತಿ ತಿಳಿಯಾಗುತ್ತಾ?"

"ಇಲ್ಲ. ಕಂಬದ ಹತ್ತಿರದ ಗಾಳಿ, ಒಂದು ಮಾರು ಆಚೆ ಇರೋ ಗಾಳಿ ಪೂರ್ತಿ ಒಂದೇ ಥರ ಬಾಗಲ್ಲ. ಅಂಚು ಮಸುಕಾಗೇ ಇರುತ್ತೆ. ಇದಕ್ಕಿಂತ ಚೂಪಾಗಿ ತೋರಿಸೋ ಯಂತ್ರಗಳಿವೆ, ಆದ್ರೆ ಅವು ಇಲ್ಲದ್ದನ್ನ ಊಹಿಸಿ ಬರೀತವೆ. ಅದನ್ನ ನಾನು ಇಲ್ಲಿ ಬಳಸಲ್ಲ."

ಯಂತ್ರ ಲೆಕ್ಕ ಹಾಕಲು ಇಪ್ಪತ್ತು ನಿಮಿಷ ಹಿಡಿಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸವಾರ ತನ್ನ ಅರ್ಧ ಕಾಲಿನ ಮೇಲೆ ಹೊದ್ದಿದ್ದ ಟವೆಲನ್ನು ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ಮಾಡುತ್ತಿದ್ದ. ಎಂಟು ವರ್ಷ ಈ ಮಾಸ್ಟರ್‌ನ ಕೈಕೆಳಗೇ ಪಳಗಿದವನು ಅವನು. ಮೊದಲ ಸಲ ಬೈಕಿನ ಮೇಲೆ ಕೂರಿಸಿ, ಹಿಂದಿನಿಂದ ಸೀಟು ಹಿಡಿದು ಓಡಿದ್ದವನೂ ಇದೇ ಮಾಸ್ಟರ್. ಒಂದೂವರೆ ತಿಂಗಳಿಂದ ಇಬ್ಬರೂ ಒಂದು ಮಾತೂ ಆಡಿರಲಿಲ್ಲ.

ಪರದೆಯ ಮೇಲೆ ಹೊಸ ದೃಶ್ಯ ಬಂತು. ಹಳೆಯದರಷ್ಟು ಚೆಂದವಿರಲಿಲ್ಲ. ಅಂಚುಗಳು ಉಸಿರಾಡುತ್ತಿದ್ದವು, ಲಾರಿಯ ಚಕ್ರ ಇನ್ನೂ ಸ್ವಲ್ಪ ತೇಲುತ್ತಿತ್ತು. ಆದರೆ ಹಕ್ಕಿ ರೆಕ್ಕೆ ಬಿಚ್ಚಿ ಹಾರಿತು. ಅದಾದ ಸ್ವಲ್ಪ ಹೊತ್ತಿಗೆ, ಮಾಸ್ಟರ್‌ನ ತಲೆಯ ಮೇಲೆ, ಬಿಳಿಚಿದ ಆಕಾಶದ ಎದುರು, ಎರಡು ಕಪ್ಪು ಪಟ್ಟಿಗಳು ಎದ್ದವು. ಒಂದರ ಮೇಲೊಂದು ಅಡ್ಡ ಬಂದವು. ಇಪ್ಪತ್ತಾರು ಫ್ರೇಮು ಹಾಗೇ ಇದ್ದವು, ಆಮೇಲೆ ಇಳಿದವು. ಅವನು ಓಡತೊಡಗುವಷ್ಟರಲ್ಲಿ ಧೂಳು ಮುಚ್ಚಿತು.



ಮಾಸ್ಟರ್ ಗೋಡೆ ಬಿಟ್ಟು ಮುಂದೆ ಬಂದ. "ನೋಡಿದ್ರಾ? ನೋಡಿದ್ಯೇನಮ್ಮ? ನಿನ್ನ ಗಂಡ ಹಸಿ ಸುಳ್ಳ! ಎಂಟು ವರ್ಷ ಅನ್ನ ಹಾಕಿದ ಕೈಯನ್ನೇ ಇಲ್ಲ ಅಂದ!"

"ನನ್ನ ಕಣ್ಣಿಗೆ ಕಾಣಲಿಲ್ಲ ಮಾಸ್ಟರ್" ಎಂದ ಸವಾರ.

"ಕಣ್ಣು ಎಲ್ಲಿ ಇಟ್ಟಿದ್ದೆ? ಇವತ್ತೇ ಬರ್ಕೊಡ್ಬೇಕು ನೀನು, ತಪ್ಪು ನಂದು ಅಂತ!"

ತಂಗಿ ಎದ್ದು ನಿಂತಳು. ಮಾಸ್ಟರ್ ಕಡೆಗಲ್ಲ, ಅಣ್ಣನ ಕಡೆಗೆ ತಿರುಗಿದಳು. "ಸಮಾಧಾನ ಆಯ್ತಾ? ನಿನ್ನ ತಪ್ಪು ಒಪ್ಪಿಕೊಳ್ಳೋ ಚಟಕ್ಕೆ ಇವರನ್ನ ಸುಳ್ಳುಗಾರ ಮಾಡಿದೆ. ಥೂ."

ಇಸ್ತ್ರಿ ಇನ್ನೊಂದು ಫೈಲು ಹುಡುಕಿದ. "ಇನ್ನೊಂದು ಕ್ಯಾಮೆರಾ ಇದೆ" ಎಂದ.

"ಯಾವುದು?"

"ಕ್ರೇನ್ ಮೇಲಿದ್ದದ್ದು. ನಿರ್ದೇಶಕರು ಅದನ್ನ ಬಳಸಲ್ಲ ಅಂತ ಪಕ್ಕಕ್ಕೆ ಇಟ್ಟಿದ್ರು. ನೆನ್ನೆ ಕೇಳಿ ತರಿಸಿಕೊಂಡೆ. ಇನ್ನೂ ನೋಡಿಲ್ಲ."

"ಯಾಕೆ ಬೇಕು ಅದು? ಕೈ ಕಂಡಾಯ್ತಲ್ಲ!" ಮಾಸ್ಟರ್ ಸಿಡಿದ.

"ಕೈ ಯಾವಾಗ ಎದ್ದಿದ್ದು ಅಂತ ಕಾಣಲಿಲ್ಲ" ಎಂದಳು ಅಧ್ಯಕ್ಷೆ. ಕನ್ನಡಕ ಮೇಲಕ್ಕೆ ಸರಿಸಿದಳು. "ಹಾಕಪ್ಪ."

ಉದ್ದ ಲೆನ್ಸಿನಲ್ಲಿ ಎದುರಿನಿಂದ ನೋಡಿದರೆ ದೂರಗಳೆಲ್ಲ ಒಂದರೊಳಗೊಂದು ಮಡಚಿಕೊಂಡಿದ್ದವು. ಬೈಕು ಬಿಳಿ ಗೆರೆಯ ಈಚೆಗಿದೆಯೋ ಆಚೆಗಿದೆಯೋ ಹೇಳಲಾಗುತ್ತಿರಲಿಲ್ಲ. ಕ್ರೇನಿನ ಕ್ಯಾಮೆರಾ ನಾಲ್ಕು ಆಳೆತ್ತರಕ್ಕೂ ಮಿಗಿಲಾಗಿ ಮೇಲಿತ್ತು, ಲಾರಿಗೆ ಹತ್ತಿರವೂ ಇತ್ತು. ಝಳ ಹೆಚ್ಚಾಗಿ ಕುದಿಯುವುದು ಡಾಂಬರಿಗೆ ಅಂಟಿಕೊಂಡೇ. ಅದರ ಮೇಲಿಂದ ನೋಡಿದ ಕ್ಯಾಮೆರಾದಲ್ಲಿ ಎಲ್ಲವೂ ಹೆಚ್ಚುಕಡಿಮೆ ನಿಂತಿತ್ತು. ಲೆನ್ಸು ಅಗಲದ್ದಾದ್ದರಿಂದ ಎಲ್ಲವೂ ಚಿಕ್ಕದು. ಮಾಸ್ಟರ್ ಪರದೆಯ ಅಂಚಿನಲ್ಲಿ ಇಪ್ಪತ್ತು ಚುಕ್ಕಿ ಎತ್ತರದ ಒಂದು ಕಡ್ಡಿ. ಬಿಳಿ ಗೆರೆ ಮತ್ತು ಎರಡು ಶಂಕುಗಳು ಮಾತ್ರ ಸ್ಪಷ್ಟ.

"ಎರಡು ಕ್ಯಾಮೆರಾಗೂ ಗಡಿಯಾರ ಒಂದೇ. ಮೊದಲು ಬೈಕು ನೋಡಿ" ಎಂದು ಇಸ್ತ್ರಿ ಒಂದೊಂದೇ ಫ್ರೇಮು ಸರಿಸಿದ. ಬೈಕಿನ ಮುಂದಿನ ಚಕ್ರ ಗೆರೆಯನ್ನು ದಾಟಿತು. ಅವನು ಅಲ್ಲಿಗೆ ನಿಲ್ಲಿಸಿ ಸಂಖ್ಯೆ ಬರೆದುಕೊಂಡ. "ಈಗ ಅದೇ ಕ್ಷಣ, ದೂರದ ಕ್ಯಾಮೆರಾದಲ್ಲಿ ಮಾಸ್ಟರ್."

ಪಕ್ಕದ ಪರದೆಯಲ್ಲಿ ಮಾಸ್ಟರ್‌ನ ತಲೆಯ ಮೇಲೆ ಖಾಲಿ ಆಕಾಶವಿತ್ತು.

ಇಸ್ತ್ರಿ ಎರಡನ್ನೂ ಒಟ್ಟಿಗೆ ಮುಂದೆ ಸರಿಸಿದ. ಒಂದು. ಎರಡು. ಮೂರು. ಅಧ್ಯಕ್ಷೆಯ ತುಟಿಗಳು ಎಣಿಸುತ್ತಿದ್ದವು. ಹದಿನಾಲ್ಕನೆಯ ಫ್ರೇಮಿನಲ್ಲಿ ಕಪ್ಪು ಪಟ್ಟಿ ತಲೆಯ ಮೇಲೆ ಇಣುಕಿತು.

"ಗಾಳಿ ಮೋಸ!" ಎಂದ ಮಾಸ್ಟರ್. "ಆ ನಡುಕದಲ್ಲಿ ಮೊದಲು ಕಾಣದೆ ಹೋಗಿರಬಹುದು. ನೀನೇ ಹೇಳ್ದೆ, ಮಸುಕು ಅಂತ."

"ಅದಕ್ಕೇ ಕ್ರೇನಿನದ್ದು" ಎಂದ ಇಸ್ತ್ರಿ. ಆ ಕಡ್ಡಿಯನ್ನು ಹಿಗ್ಗಿಸಿ ಒಂದೊಂದು ಫ್ರೇಮಿನಲ್ಲೂ ಚುಕ್ಕಿ ಎಣಿಸಿದ. "ಇದರಲ್ಲಿ ಕೈ ಅಂತ ಗುರುತು ಸಿಗಲ್ಲ, ಒಪ್ತೀನಿ. ಆದ್ರೆ ಎತ್ತರ ಸಿಗುತ್ತೆ. ಗೆರೆ ದಾಟಿದಾಗ ನೀವು ಇಪ್ಪತ್ತು ಚುಕ್ಕಿ. ಹದಿಮೂರು ಫ್ರೇಮಿನವರೆಗೂ ಇಪ್ಪತ್ತೇ. ಹದಿನಾಲ್ಕು ಹದಿನೈದರಲ್ಲಿ ಇಪ್ಪತ್ನಾಲ್ಕಾಗ್ತೀರಿ. ಎರಡು ಕ್ಯಾಮೆರಾ ಬೇರೆ ಬೇರೆ ಗಾಳಿಯಲ್ಲಿ ನೋಡಿವೆ ಮಾಸ್ಟರ್. ಎರಡಕ್ಕೂ ಒಂದೇ ಸುಳ್ಳನ್ನ ಗಾಳಿ ಒಂದೇ ಕ್ಷಣದಲ್ಲಿ ಹೇಳಲ್ಲ. ಎರಡು ಮೂರು ಫ್ರೇಮು ಆಚೀಚೆ ಆಗಬಹುದು. ಹದಿನಾಲ್ಕು ಆಗಲ್ಲ."

"ಹದಿನಾಲ್ಕು ಅಂದ್ರೆ ಎಷ್ಟು ದೂರ?" ಅಧ್ಯಕ್ಷೆ ಕೇಳಿದಳು.

ಉತ್ತರ ಕೊಟ್ಟಿದ್ದು ಸವಾರ. "ನಾನು ಎಂಬತ್ತು ಕಿಲೋಮೀಟರ್ ಸ್ಪೀಡಲ್ಲಿದ್ದೆ. ಹದಿಮೂರು ಮೀಟರು." ಟವೆಲನ್ನು ಪಕ್ಕಕ್ಕಿಟ್ಟು, "ಗೆರೆವರೆಗೂ ಕಣ್ಣು ಮಾಸ್ಟರ್ ಮೇಲೇ ಇತ್ತು. ಗೆರೆ ದಾಟಿದ ಮೇಲೆ ಲಾರಿ ಹೊಟ್ಟೆ ಬಿಟ್ಟು ಬೇರೇನೂ ನೋಡಬಾರದು. ಹಾಗಂತ ಹೇಳಿಕೊಟ್ಟವರು ಅವರೇ" ಎಂದ.

ಮಾಸ್ಟರ್ ಪರದೆಯ ಕಡೆ ಬೆರಳು ಮಾಡಿದ. "ಲಾರಿ ಕಡೆ ನೋಡ್ತಿದ್ದೆ" ಎಂದ, ಯಾರಿಗೂ ಅಲ್ಲ ಎಂಬಂತೆ. "ಡ್ರೈವರ್ ಬ್ರೇಕ್ ಹಾಕ್ತಾನೆ, ಹಾಕ್ತಾನೆ ಅಂತ... ಎತ್ತಿದೆ ನಾನು. ಎತ್ತಿದೆ."

ಮರುಕ್ಷಣ ಅವನು ಇಸ್ತ್ರಿಯ ಮೇಜಿನ ಮೇಲಿದ್ದ ಕೀಬೋರ್ಡನ್ನು ಕಿತ್ತು ನೆಲಕ್ಕೆ ಬಡಿದ. ಗುಂಡಿಗಳು ಚೆಲ್ಲಾಪಿಲ್ಲಿಯಾಗಿ ಕುರ್ಚಿಗಳ ಕೆಳಗೆ ಹೋದವು. "ಮೊದಲು ಕೈ ಕತ್ತರಿಸಿದೆ, ಆಮೇಲೆ ಅಂಟಿಸಿದೆ, ಈಗ ಕುತ್ತಿಗೆಗೆ ಹಗ್ಗ ಹಾಕಿದೆ! ಯಾವ ಜನ್ಮದ ಹಗೆಯೋ ನಿಂದು?" ಸಮಿತಿಯ ಇಬ್ಬರು ಅವನನ್ನು ಹಿಡಿದು ಹೊರಗೆ ಕರೆದೊಯ್ದರು. ಮೆಟ್ಟಿಲುದ್ದಕ್ಕೂ ಅವನ ಬೈಗುಳ ಕೇಳುತ್ತಲೇ ಇತ್ತು.

ತೀರ್ಪು ಹತ್ತು ದಿನಕ್ಕೆ ಬಂತು. ಸನ್ನೆ ಕೊಟ್ಟದ್ದು ನಿಜ, ಆದರೆ ಗೆರೆ ದಾಟಿದ ಮೇಲೆ, ಸವಾರನದು ತಪ್ಪಿಲ್ಲ, ಮಾಸ್ಟರ್ ಒಂದು ವರ್ಷ ಸಾಹಸ ಮಾಡಿಸುವಂತಿಲ್ಲ, ಇನ್ನು ಮುಂದೆ ಇಂಥ ಶಾಟುಗಳಲ್ಲಿ ಕೈಸನ್ನೆಯನ್ನು ಮಾತ್ರ ನಂಬಬಾರದು, ಸವಾರನ ಕಿವಿಗೆ ರೇಡಿಯೋ ಇರಬೇಕು. ಕೊನೆಯಲ್ಲಿ ಒಂದು ಸಾಲು ಇಸ್ತ್ರಿಯ ಬಗ್ಗೆಯೂ ಇತ್ತು: ಪರಿಶೀಲಿಸದ ದೃಶ್ಯವನ್ನು ಹೊರಗೆ ಬಿಟ್ಟು ಒಬ್ಬ ಸದಸ್ಯನ ಮಾನ ಕಳೆದದ್ದಕ್ಕೆ ಎಚ್ಚರಿಕೆ. ಅವನು ಅದಕ್ಕೆ ಮರುಮಾತಾಡದೆ ಸಹಿ ಹಾಕಿದ.

ನಿರ್ದೇಶಕ ಮತ್ತೆ ಫೋನ್ ಮಾಡಿದ. ಹಕ್ಕಿ ಸಮೇತ ಶಾಟ್ ಯಾವಾಗ ಸಿಗುತ್ತದೆ ಎಂದು ಕೇಳಿದ.

"ಸಿಗಲ್ಲ ಸಾರ್. ಬೇಕಿದ್ರೆ ಮತ್ತೆ ತೆಗೀರಿ. ಬೆಳಗಿನ ಜಾವ, ರಸ್ತೆ ಕಾಯೋ ಮೊದಲು. ಕ್ಯಾಮೆರಾನ ನೆಲದಿಂದ ಮೇಲೆತ್ತಿ, ಹತ್ತಿರ ಹೋಗಿ, ಚಿಕ್ಕ ಲೆನ್ಸ್ ಹಾಕಿ. ಝಳನ ನನ್ನ ಹತ್ರ ತರಬೇಡಿ."

"ಮತ್ತೆ ಯಾರ ಕಾಲು ತರ್ಲಿ?" ಎಂದು ನಿರ್ದೇಶಕ ನಕ್ಕ. ಇಸ್ತ್ರಿ ಫೋನ್ ಇಟ್ಟ. ಶಾಟ್ ಬೇರೆ ಸ್ಟುಡಿಯೋಗೆ ಹೋಯಿತು.

ಭಾನುವಾರ ಅವನು ತಂಗಿಯ ಮನೆಗೆ ಹೋದ. ಬಾಗಿಲು ತೆಗೆದದ್ದು ಸವಾರ, ಕಂಕುಳಲ್ಲಿ ಊರುಗೋಲು.

"ಬನ್ನಿ ಭಾವ" ಎಂದ. ಕುರ್ಚಿಯ ಮೇಲಿದ್ದ ಬಟ್ಟೆಯನ್ನು ಊರುಗೋಲಿನ ತುದಿಯಿಂದಲೇ ಕೆಳಗೆ ತಳ್ಳಿದ.

ತಂಗಿ ಅಡುಗೆಮನೆಯ ಬಾಗಿಲಲ್ಲಿ ಬೆನ್ನು ತೋರಿಸಿ ನಿಂತಿದ್ದಳು.

"ತೀರ್ಪು ನಮ್ಮ ಕಡೆಗೇ ಬಂತಲ್ಲ ಕಣೇ" ಎಂದ ಗಂಡ, ಅವಳಿಗೆ ಕೇಳುವಂತೆ.

"ಐದು ನಿಮಿಷ" ಎಂದಳು ಅವಳು ಗೋಡೆಗೆ. "ಐದು ನಿಮಿಷ ಇಡೀ ಸಂಘದ ಮುಂದೆ ಸುಳ್ಳುಗಾರನ ಹೆಂಡತಿಯಾಗಿ ನಿಂತಿದ್ದೆ. ಇನ್ನೊಂದು ಕ್ಯಾಮೆರಾ ಇದೆ ಅಂತ ಇವನಿಗೆ ಮೊದಲೇ ಗೊತ್ತಿತ್ತು. ನನಗೆ ಒಂದು ಮಾತು ಹೇಳಲಿಲ್ಲ."

"ಅದರಲ್ಲಿ ಏನು ಬರುತ್ತೆ ಅಂತ ನಂಗೂ ಗೊತ್ತಿರಲಿಲ್ಲ" ಎಂದ ಇಸ್ತ್ರಿ. "ಮೊದಲೇ ನೋಡಿದ್ರೆ ನಿಂಗೆ ಹೇಳಿಬಿಡ್ತಿದ್ದೆ. ಹೋದ ಸಲ ಹಾಗೇ ಮಾಡಿ ತಾನೇ ಇಷ್ಟೆಲ್ಲ ಆಗಿದ್ದು."

ಅವಳು ತಿರುಗಲಿಲ್ಲ. ಒಳಗೆ ಪಾತ್ರೆಯೊಂದು ಜೋರಾಗಿ ಕಟ್ಟೆಗೆ ಬಡಿಯಿತು, ನಲ್ಲಿ ಸುರಿಯಿತು, ನಿಂತಿತು. ಅವಳು ಹೊರಗೆ ಬಂದು ಗಂಡನ ಕೈಯಲ್ಲಿ ಒಂದು ಲೋಟ ನೀರು ತುರುಕಿದಳು.

"ಕುಡಿದು ಹೋಗೋಕೆ ಹೇಳಿ ಅವನಿಗೆ" ಎಂದಳು.